ಸಂಚಿತ ಸರಾಸರಿಯ ಮರೆಯಲ್ಲಿ: ಕಲಿಕೆಯ ವಕ್ರರೇಖೆಯನ್ನು ಕುರಿತು ಒಂದು ವಿಮರ್ಶೆ

ವೆಚ್ಚಲೆಕ್ಕಶಾಸ್ತ್ರದ ತರಗತಿಗಳಲ್ಲಿ ಕಲಿಕೆಯ ವಕ್ರರೇಖೆಯನ್ನು ಬೋಧಿಸುವ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಉತ್ಪಾದನೆ ಇಮ್ಮಡಿಯಾದಾಗಲೆಲ್ಲ ಪ್ರತಿ ವಸ್ತುವಿನ ಸಂಚಿತ ಸರಾಸರಿ ಕಾಲವು ಹಿಂದಿನದರ ನೂರಕ್ಕೆ 80ರಷ್ಟಾಗುತ್ತದೆಂದು ಹೇಳಿ, ಒಂದು ಕೋಷ್ಟಕವನ್ನು ತುಂಬಿಸಿ, ಪಾಠವನ್ನು ಮುಗಿಸುತ್ತೇವೆ. ಸೂತ್ರದಲ್ಲಿ ದೋಷವಿದೆಯೆಂಬುದು ನಮ್ಮ ವಾದವಲ್ಲ. ಈ ಸರಾಸರಿ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ನಾವು ವಿದ್ಯಾರ್ಥಿಗೆ ತಿಳಿಸುತ್ತಿಲ್ಲವೆಂಬುದೇ ಇಲ್ಲಿ ನಾವು ಎತ್ತುವ ಆಕ್ಷೇಪಣೆ.

ಮೂಲವನ್ನು ಸ್ವಲ್ಪ ನೆನೆಯುವುದು ಉಚಿತ. ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್ 1936ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಸಂಬಂಧವನ್ನು ವಿಮಾನಗಳ ವೆಚ್ಚಕ್ಕೆ ಅನ್ವಯಿಸಿ ವಿವರಿಸಿದನು. ಆಗಿನ ವಿಮಾನ ತಯಾರಿಕೆಯಲ್ಲಿ ಕೈಗೆಲಸದ ಜೋಡಣೆಯ ಪಾಲು ಬಹಳ ದೊಡ್ಡದು. ಕಲಿಯುವುದಕ್ಕೆ ಅಲ್ಲಿ ಅವಕಾಶವೂ ದೊಡ್ಡದು. ಕೂಲಿಯನ್ನೂ ಸಾಮಗ್ರಿಯನ್ನೂ ಆತನು ಬೇರೆ ಬೇರೆಯಾಗಿಯೇ ಪರಿಶೀಲಿಸಿದ್ದನೆಂಬುದನ್ನು ಗಮನಿಸಬೇಕು. ಪಠ್ಯಪುಸ್ತಕಗಳಿಗೆ ಇಳಿದು ಬರುವಷ್ಟರಲ್ಲಿ ಈ ಎಚ್ಚರ ಕರಗಿ, 80 ಎಂಬ ಸಂಖ್ಯೆ ಮಾತ್ರ ಉಳಿಯಿತು.

ಈಗ ವಿಮಾನದಿಂದ ಕೆಳಗಿಳಿದು ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬರೋಣ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿಗಿರುವ ಲಗ್ಗೆರೆಯಲ್ಲಿ ನಾಲ್ಕಾರು ಯಂತ್ರಗಳನ್ನಿಟ್ಟುಕೊಂಡು ಜಾಬ್ ವರ್ಕ್ ಮಾಡುವ ಒಂದು ಶೆಡ್ಡನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡ ಕಾರ್ಖಾನೆಯೊಂದು ಹೊಸ ಬಿಡಿಭಾಗದ ನಕ್ಷೆಯನ್ನು ಕೊಟ್ಟು, ಹತ್ತು ಹತ್ತರ ಬ್ಯಾಚುಗಳಿಗೆ ದರ ಕೇಳುತ್ತದೆ. ಮೊದಲ ಬ್ಯಾಚಿಗೆ 200 ಗಂಟೆ ಹಿಡಿಯಿತೆನ್ನೋಣ. ಅಂದರೆ ಒಂದಕ್ಕೆ 20 ಗಂಟೆ. ಗಂಟೆಗೆ ಕೂಲಿ 150 ರೂಪಾಯಿ, ಒಂದು ಬಿಡಿಭಾಗಕ್ಕೆ ಸಾಮಗ್ರಿ 1,000 ರೂಪಾಯಿ. ಈ ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾವೇ ಹೂಡಿಕೊಂಡವು.

ಸೂತ್ರ ಇದು: y = a·x^b. ಇಲ್ಲಿ x ಎಂಬುದು ಬ್ಯಾಚುಗಳ ಸಂಚಿತ ಸಂಖ್ಯೆ, a ಮೊದಲ ಬ್ಯಾಚಿನ ಸರಾಸರಿ, y ಆವರೆಗಿನ ಎಲ್ಲ ವಸ್ತುಗಳ ಸರಾಸರಿ ಕಾಲ; ನೂರಕ್ಕೆ 80ರ ರೇಖೆಗೆ b = log 0.8 / log 2, ಅಂದರೆ ಸುಮಾರು −0.322. ಎರಡು ಬ್ಯಾಚುಗಳ ಕೊನೆಗೆ ಸರಾಸರಿ 16 ಗಂಟೆ, ನಾಲ್ಕರ ಕೊನೆಗೆ 12.8, ಎಂಟರ ಕೊನೆಗೆ 10.24.

ವಿದ್ಯಾರ್ಥಿಯು ಎಡವುವುದು ಮೊದಲು ಇಲ್ಲಿಯೇ. ಎರಡನೆಯ ಬ್ಯಾಚಿಗೆ ಎಷ್ಟು ಗಂಟೆ ಬೇಕೆಂದು ಕೇಳಿದರೆ ಹದಿನಾರನ್ನು ಹತ್ತರಿಂದ ಗುಣಿಸಿ 160 ಎನ್ನುತ್ತಾನೆ. ಆದರೆ 16 ಎಂಬುದು ಇಪ್ಪತ್ತೂ ವಸ್ತುಗಳ ಸರಾಸರಿ. ಒಟ್ಟು ಕಾಲ 320. ಅದರಿಂದ ಮೊದಲ ಬ್ಯಾಚಿನ 200ನ್ನು ಕಳೆದರೆ ಎರಡನೆಯದಕ್ಕೆ ಉಳಿಯುವುದು 120 ಮಾತ್ರ. ಹೀಗೆ ಕಳೆಯುತ್ತ ಹೋದರೆ ಮೂರನೆಯದಕ್ಕೆ ಸುಮಾರು 101, ನಾಲ್ಕನೆಯದಕ್ಕೆ ಸುಮಾರು 91 ಗಂಟೆ ಬರುತ್ತದೆ. ಕಳೆಯದೆ ದರ ಹೇಳಿದವನು ಹೆಚ್ಚಿಗೆ ಹೇಳಿ ಕೆಲಸವನ್ನೇ ಕಳೆದುಕೊಳ್ಳುತ್ತಾನೆ. (ಲಾಕ್‌ಹೀಡ್ ಸಂಸ್ಥೆಯ ಕ್ರಾಫರ್ಡ್‌ನ ಹೆಸರಿನಲ್ಲಿ ಬಳಕೆಗೆ ಬಂದ ಇನ್ನೊಂದು ಪದ್ಧತಿಯಲ್ಲಿ ಇಳಿಯುವುದು ಸರಾಸರಿಯಲ್ಲ, ಆಯಾ ಕ್ರಮಾಂಕದ ಬಿಡಿ ವಸ್ತುವಿನ ಕಾಲ. ಒಂದರ ಶೇಕಡಾಂಶವನ್ನು ಮತ್ತೊಂದರ ಸೂತ್ರಕ್ಕೆ ಹಾಕಿದ ಲೆಕ್ಕಗಳನ್ನು ಉತ್ತರಪತ್ರಿಕೆಗಳಲ್ಲಿ ನಾವು ಸಾಕಷ್ಟು ನೋಡಿದ್ದೇವೆ.)

ಎರಡನೆಯ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ನಷ್ಟ ತರುವುದು ಇದೇ. ಮೊದಲ ಬ್ಯಾಚಿನ ಒಂದು ವಸ್ತುವಿಗೆ ಕೂಲಿ 3,000, ಸಾಮಗ್ರಿ 1,000, ಒಟ್ಟು 4,000 ರೂಪಾಯಿ. ಈ ಒಟ್ಟು ಮೊತ್ತಕ್ಕೇ ನೂರಕ್ಕೆ 80ನ್ನು ಅನ್ವಯಿಸಿದರೆ ಇಪ್ಪತ್ತರ ಸರಾಸರಿ 3,200 ಆಗುತ್ತದೆ. ಆದರೆ ಕುಶಲತೆ ಹೆಚ್ಚಿದ ಮಾತ್ರಕ್ಕೆ ಉಕ್ಕಿನ ಬೆಲೆ ಇಳಿಯುವುದಿಲ್ಲ. ಕೂಲಿಯನ್ನು ಮಾತ್ರ ಇಳಿಸಿದರೆ ಎರಡನೆಯ ಬ್ಯಾಚಿನ ವೆಚ್ಚ 18,000 ಮತ್ತು 10,000 ಸೇರಿ 28,000. ಸಂಚಿತ ಸರಾಸರಿ 3,400. ಎಂಬತ್ತು ವಸ್ತುಗಳಿಗೆ ಹೋಗುವಷ್ಟರಲ್ಲಿ ತಪ್ಪು ಲೆಕ್ಕ 1,63,840 ರೂಪಾಯಿ ಎನ್ನುತ್ತದೆ, ಸರಿಯಾದ ಲೆಕ್ಕ 2,02,880 ಎನ್ನುತ್ತದೆ. ನಡುವಿನ 39,040 ರೂಪಾಯಿ ಶೆಡ್ಡಿನ ಯಜಮಾನನ ಜೇಬಿನಿಂದ ಹೋಗತಕ್ಕದ್ದು.

ಕೂಲಿಯ ಗಂಟೆಗಳೊಳಗೂ ಕಲಿಯಲಾರದ ಒಂದು ಭಾಗವುಂಟು. ಲೇತು ಲೋಹವನ್ನು ಕೊರೆಯುವ ವೇಗವನ್ನು ನಿರ್ಧರಿಸುವುದು ಲೋಹದ ಗಡಸುತನ ಮತ್ತು ಉಳಿಯ ತಾಳಿಕೆ. ಆಳಿನ ಅನುಭವದ ಪಾತ್ರ ಅಲ್ಲಿ ಅಲ್ಪ. ಇಪ್ಪತ್ತು ಗಂಟೆಗಳಲ್ಲಿ ಐದು ಇಂಥವೆಂದು ಭಾವಿಸೋಣ. ಉಳಿದ ಹದಿನೈದು, ಅಂದರೆ ಸೆಟ್ಟಿಂಗು, ಅಳತೆ, ಜೋಡಣೆ, ಮಾತ್ರ ರೇಖೆಯಂತೆ ಇಳಿಯುತ್ತವೆ. ಆಗ ಸರಾಸರಿಗಳು 20, 17, 14.6, 12.68 ಎಂದು ಸಾಗುತ್ತವೆ. ಎಂಬತ್ತನೆಯದರ ಹೊತ್ತಿಗೆ ಮೊದಲಿನ ಅಂದಾಜಿಗಿಂತ ಒಟ್ಟು 195 ಗಂಟೆಗಳಷ್ಟು ಹೆಚ್ಚು. ಇದನ್ನು ಪತ್ತೆಮಾಡುವ ಉಪಾಯ ಸುಲಭ. ಇಮ್ಮಡಿಯಾದಾಗಿನ ನಿಷ್ಪತ್ತಿಗಳನ್ನು ಸಾಲಾಗಿ ಬರೆಯಬೇಕು: ಇಲ್ಲಿ ಅವು ನೂರಕ್ಕೆ 85, 85.9, 86.8. ನಿಷ್ಪತ್ತಿಯು ಸ್ಥಿರವಾಗಿರದೆ ಮೇಲೇರುತ್ತಿದ್ದರೆ ತಳದಲ್ಲಿ ಇಳಿಯದ ಭಾಗವಿದೆಯೆಂದು ಶಂಕಿಸಬೇಕು. ಎರಡು ಬಿಂದುಗಳಿಂದ ಇದು ತಿಳಿಯದು. ಎರಡು ಬಿಂದುಗಳ ಮೂಲಕ ಒಂದು ರೇಖೆ ಯಾವಾಗಲೂ ಹಾದೇ ಹೋಗುತ್ತದೆ.

ನಮ್ಮ ಮುಖ್ಯ ಆಕ್ಷೇಪಣೆ ಇನ್ನು ಮುಂದಿದೆ. ಮೊದಲಿನ ಲೆಕ್ಕಕ್ಕೇ ಹಿಂದಿರುಗೋಣ. ನಾಲ್ಕು ಬ್ಯಾಚುಗಳು ರೇಖೆಯಂತೆಯೇ 512 ಗಂಟೆಗಳಲ್ಲಿ ಮುಗಿದವು. ಅನಂತರ ಮೂರು ತಿಂಗಳು ಆರ್ಡರು ಬರಲಿಲ್ಲ. ಆ ಕೆಲಸ ಬಲ್ಲವನು ಗಂಟೆಗೆ ಎರಡು ಕಾಸು ಹೆಚ್ಚು ಸಿಗುವ ಪಕ್ಕದ ಶೆಡ್ಡಿಗೆ ಹೋದನು, ಹೊಸಬನು ಬಂದನು. ಐದನೆಯ ಬ್ಯಾಚಿಗೆ ಸೂತ್ರದ ಪ್ರಕಾರ ಸುಮಾರು 84 ಗಂಟೆ ಸಾಕು, ಹಿಡಿದದ್ದು 110. ನಾಲ್ಕನೆಯದಕ್ಕೆ ಹಿಡಿದ 91ಕ್ಕಿಂತಲೂ ಇದು ಹೆಚ್ಚು. ಅಂದರೆ ಕೆಲಸ ಹಿಂದಕ್ಕೆ ಸರಿದಿದೆ. ಆದರೆ ಸಂಚಿತ ಸರಾಸರಿಯನ್ನು ನೋಡಿ: 622 ಗಂಟೆಗಳನ್ನು 50ರಿಂದ ಭಾಗಿಸಿದರೆ 12.44. ಹಿಂದಿನ ಸರಾಸರಿ 12.8. ಮರೆವು ಸಂಭವಿಸಿದ ಬ್ಯಾಚಿನಲ್ಲಿಯೂ ಸರಾಸರಿ ಇಳಿದೇ ಇದೆ! ಬ್ಯಾಚಿನ ಗಂಟೆಗಳನ್ನು ಪ್ರತ್ಯೇಕವಾಗಿ ಬರೆದಿಡದ ಯಜಮಾನನು ಇಳಿಯುವ ಅಂಕಿಯನ್ನೇ ನಂಬಿ, ಆರನೆಯ ಬ್ಯಾಚಿಗೆ ಇನ್ನೂ ಕಡಮೆ ದರ ಒಪ್ಪಿಕೊಳ್ಳುತ್ತಾನೆ. ಹಳೆಯ ಬ್ಯಾಚುಗಳ ದೊಡ್ಡ ಗಂಟೆಗಳು ಸರಾಸರಿಯಲ್ಲಿ ಉಳಿದಿರುವವರೆಗೆ, ಹೊಸ ಬ್ಯಾಚು ಒಂದು ವಸ್ತುವಿಗೆ 12.8 ಗಂಟೆಗಿಂತ ಹೆಚ್ಚಿನ ಕಾಲವನ್ನು ತೆಗೆದುಕೊಂಡಾಗ ಮಾತ್ರ ಈ ಅಂಕಿ ಮೇಲೇರೀತು. ರೋಗ ಅಷ್ಟು ಬಲಿಯುವ ತನಕ ಅದು ಸುಮ್ಮನಿರುತ್ತದೆ.

ಸಂಚಿತ ಸರಾಸರಿಯನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಮುಂದಿನ ಇಡೀ ಒಪ್ಪಂದದ ಒಟ್ಟು ಮೊತ್ತವನ್ನು ಅಂದಾಜು ಮಾಡಲು ಅದು ಯೋಗ್ಯವಾದ ಸಾಧನ. ಅದರ ನಯವಾದ ಇಳಿತವೇ ಅಲ್ಲಿ ಗುಣ. ಆದರೆ ನಡೆಯುತ್ತಿರುವ ಕೆಲಸವನ್ನು ಪರೀಕ್ಷಿಸಲು ಅದೇ ಗುಣ ದೋಷವಾಗುತ್ತದೆ. ಆದಕಾರಣ ತರಗತಿಯ ಕೋಷ್ಟಕದಲ್ಲಿ ಸಂಚಿತ ಸರಾಸರಿಯ ಪಕ್ಕಕ್ಕೆ ಆಯಾ ಬ್ಯಾಚಿನ ನೈಜ ಗಂಟೆಗಳ ಅಂಕಣವೂ, ಎರಡು ಬ್ಯಾಚುಗಳ ನಡುವೆ ಕಳೆದ ದಿನಗಳ ಅಂಕಣವೂ ಇರಬೇಕು. ಕಳೆದ ದಿನಗಳು ಹೆಚ್ಚಾಗಿ, ಆಳು ಬದಲಾಗಿದ್ದರೆ, x ಅನ್ನು ಐದೆಂದು ಎಣಿಸದೆ ಹಿಂದಿನ ಯಾವ ಬ್ಯಾಚಿನ ಮಟ್ಟದಿಂದ ಕೆಲಸ ಪುನಃ ಆರಂಭವಾಯಿತೆಂದು ನೋಡಬೇಕು. ಮೇಲಿನ ಉದಾಹರಣೆಯಲ್ಲಿ 110 ಗಂಟೆ ಎಂಬುದು ಎರಡನೆಯ ಮತ್ತು ಮೂರನೆಯ ಬ್ಯಾಚುಗಳ ನಡುವಣ ಮಟ್ಟ. ಆರನೆಯದಕ್ಕೆ ದರ ಹೇಳುವಾಗ ಅಲ್ಲಿಂದಲೇ ಎಣಿಕೆ ಹಿಡಿಯತಕ್ಕದ್ದು.