ತಪ್ಪು ಬಿಲ್ಲಿಗೆ ಬಂದ ಒಳ್ಳೆಯ ಉತ್ತರ

ನಮ್ಮ ಬ್ರಾಡ್‌ಬ್ಯಾಂಡ್ ಕಂಪನಿ ಕಳಿಸಿದ ಕ್ಷಮಾಪಣೆಯ ಇಮೇಲ್ ಒಂದನ್ನು ನಾನು ಅಳಿಸದೆ ಇಟ್ಟುಕೊಂಡಿದ್ದೇನೆ. 999 ರೂಪಾಯಿಯ ಪ್ಲಾನಿನಿಂದ 699ರ ಪ್ಲಾನಿಗೆ ಇಳಿದಿದ್ದೆವು. ಆದರೂ ಹಳೆಯ ದರವೇ ಖಾತೆಯಿಂದ ಕಡಿತವಾಗಿತ್ತು. ಇಮೇಲಿನ ಮೊದಲ ಸಾಲಿನಲ್ಲೇ ವಿಷಯವಿತ್ತು: “ನಿಮ್ಮಿಂದ 354 ರೂಪಾಯಿ ಹೆಚ್ಚು ಪಡೆದಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ.”

ಆ ಲೆಕ್ಕ ನನಗೆ ಬಹಳ ಹಿಡಿಸಿತು. ದರದ ವ್ಯತ್ಯಾಸ 300, ಅದರ ಮೇಲೆ ಶೇ. 18 ಜಿಎಸ್‌ಟಿ 54. ಅವಸರದಲ್ಲಿ ಬರೆಯುವವರು 300 ಮಾತ್ರ ಹಿಂದಿರುಗಿಸಿ ತೆರಿಗೆಯನ್ನು ಮರೆತುಬಿಡಬಹುದು. ಇಲ್ಲಿ ಕಡಿತವಾದ 1,178.82, ಆಗಬೇಕಿದ್ದ 824.82, ಎರಡನ್ನೂ ಒಂದರ ಕೆಳಗೊಂದು ಬರೆದಿದ್ದರು. ಹಳೆಯ ಬಿಲ್ಲನ್ನು ಸದ್ದಿಲ್ಲದೆ ತಿದ್ದದೆ, ಅದರ ಸಂಖ್ಯೆಯನ್ನು ನಮೂದಿಸಿದ ಕ್ರೆಡಿಟ್ ನೋಟ್ ಲಗತ್ತಿಸಿದ್ದರು. ಬಿಲ್ಲನ್ನು ವ್ಯವಹಾರದ ಖರ್ಚಿಗೆ ತೋರಿಸುವವರಿಗೆ ಆ ಕಾಗದ ಬೇಕೇ ಬೇಕು.

ಕಾರಣವನ್ನೂ ನೇರವಾಗಿ ಹೇಳಿದ್ದರು: ಪ್ಲಾನ್ ಬದಲಾವಣೆ ದಾಖಲಾಗುವ ಮುನ್ನವೇ ಬಿಲ್ ತಯಾರಾಗಿತ್ತು. ಹಣ ಅದೇ ಖಾತೆಗೆ ಯಾವ ದಿನದೊಳಗೆ ಬರುತ್ತದೆಂದು ತಿಳಿಸಿದ್ದರು. ಬಾರದಿದ್ದರೆ ಬ್ಯಾಂಕಿನಲ್ಲಿ ವಿಚಾರಿಸಲು ಯುಟಿಆರ್ ಸಂಖ್ಯೆಯೂ ಇತ್ತು.

ಮುಂದಿನ ಬಿಲ್ಲಿನಲ್ಲಿ ಕೊಡುವ 100 ರೂಪಾಯಿ ರಿಯಾಯಿತಿಯನ್ನು ಇಮೇಲಿನ ಬೇರೆಯೇ ಸಾಲಿನಲ್ಲಿ ಬರೆದಿದ್ದರು. ಇದು ಸರಿಯಾದ ಕ್ರಮ. ನಮ್ಮದೇ ಹಣ ನಮಗೆ ಮರಳಿದರೆ ಅದು ಪರಿಹಾರವಲ್ಲ. ಗ್ರಾಹಕರಿಗೆ ಪತ್ರ ಬರೆಯುವವರು ಈ ಎರಡು ಮೊತ್ತಗಳನ್ನು ದಯವಿಟ್ಟು ಒಂದರೊಳಗೊಂದು ಬೆರೆಸಬೇಡಿ.