ಅವ್ವನ ಸೆರಗು ಎಲ್ಲಿಗೆ ಹೋಯಿತು?

ಕನಕಪುರ ತಾಲ್ಲೂಕಿನ ನಮ್ಮೂರಿನ ಮನೆಯ ಜಗಲಿಯ ಮೇಲೆ ಅವ್ವ ಕೂತಿರುವ ಒಂದು ಫೋಟೊ ಇದೆ. ಮಾಗಡಿ ಕಡೆಯ ಮದುವೆಯೊಂದಕ್ಕೆ ಹೊರಟು ನಿಂತಾಗ ತೆಗೆದದ್ದು. ಎಣ್ಣೆ ಹಚ್ಚಿ, ನಟ್ಟನಡುವೆ ಬೈತಲೆ ತೆಗೆದು, ಕತ್ತಿನ ಹತ್ತಿರ ಕಟ್ಟಿದ ತುರುಬು. ಅದಕ್ಕೆ ಒಂದು ಸುತ್ತು ಕನಕಾಂಬರ. ಹಸಿರು ರೇಷ್ಮೆ ಸೀರೆಗೆ ಎರಡು ಬೆರಳಗಲದ ಜರಿ ಅಂಚು. ಎಡ ಹೆಗಲ ಮೇಲಿಂದ ಹಿಂದಕ್ಕೆ ಹೋದ ಸೆರಗು ಬೆನ್ನು ಬಳಸಿ ಬಂದು ಬಲಗಡೆ ಸೊಂಟದಲ್ಲಿ ಸಿಕ್ಕಿಕೊಂಡಿದೆ. ಅಗಲ ಮೂಗು, ಕಪ್ಪು ಮೈಬಣ್ಣ, ಕೆಂಪು ಕಲ್ಲಿನ ಮೂಗುತಿ.

ಇದನ್ನು ಚಿತ್ರದ ಥರ ಮಾಡಿಸಿ ಗೋಡೆಗೆ ಹಾಕೋಣವೆಂದು ಒಂದು ಸ್ಟುಡಿಯೋಗೆ ಕೊಟ್ಟೆವು. ಕೈಗೆ ಬಂದದ್ದು ಬೇರೆ ಯಾರೋ ಹೆಂಗಸು. ಮೂಗು ಚೂಪಾಗಿತ್ತು, ಮೈ ಗೋಧಿ ಬಣ್ಣಕ್ಕೆ ತಿರುಗಿತ್ತು, ಮೂಗುತಿ ಮಾಯವಾಗಿತ್ತು. ತುರುಬು ಕತ್ತು ಬಿಟ್ಟು ನೆತ್ತಿಗೇರಿತ್ತು. ಸೆರಗು ಹೆಗಲ ಮೇಲೆ ಹತ್ತಿ, ಅಲ್ಲೇ ರವಿಕೆಯೊಳಗೆ ಕರಗಿಹೋಗಿತ್ತು. ನೆರಿಗೆ ಗೌನಿನ ಮಡಿಕೆಯಾಗಿತ್ತು. ಅದನ್ನು ನೋಡಿ ಅವ್ವ ಕೇಳಿದ್ದು ಒಂದೇ: "ಇದ್ಯಾರ್ಲಾ?"

2025ರ ಮಾರ್ಚಿನಲ್ಲಿ ಜಪಾನಿನ ಗಿಬ್ಲಿ ಸ್ಟುಡಿಯೋದ ಶೈಲಿಗೆ ಎಐ ಯಂತ್ರದಿಂದ ಫೋಟೊ ತಿರುಗಿಸುವ ಹುಚ್ಚು ಎಲ್ಲ ಕಡೆ ಹಬ್ಬಿದಾಗಿನಿಂದ ಇಂಥ ಚಿತ್ರಗಳು ನಮ್ಮ ಕಡೆಯ ಮದುವೆ ಫ್ಲೆಕ್ಸುಗಳಿಗೂ ಗೃಹಪ್ರವೇಶದ ಕಾರ್ಡುಗಳಿಗೂ ಬಂದಿವೆ. ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತನ ಮಗಳು ಮದುವೆಗೆ ಉಟ್ಟ ರೇಷ್ಮೆ, ಕಾರ್ಡಿನ ಮೇಲೆ ಯಾವ ಊರಿನದೂ ಅಲ್ಲದ ಬಟ್ಟೆಯಾಗಿಬಿಡುತ್ತದೆ. ಶೈಲಿ ಅಂದಮೇಲೆ ಸ್ವಲ್ಪ ಬದಲಾಗುವುದು ಸಹಜ ಎನ್ನುವ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಚನ್ನಪಟ್ಟಣದ ಒಂದು ಹೆಣ್ಣು ಗೊಂಬೆ ಇದೆ. ಆಲೆ ಮರವನ್ನು ತಿರುಗಿಸಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಮಾಡಿದ್ದು. ಅದಕ್ಕೆ ಮೂಗೇ ಇಲ್ಲ, ಕೈಯೂ ಇಲ್ಲ. ಆದರೂ ಹಣೆಯ ಕುಂಕುಮ, ಹಿಂದಿನ ತುರುಬು, ಸೀರೆಯ ಅಂಚಿನ ಒಂದು ಹಳದಿ ಪಟ್ಟೆ ಇವೆ. ಗೊಂಬೆ ಮಾಡಿದವರು ಮುಕ್ಕಾಲುಪಾಲು ಬಿಟ್ಟಿದ್ದಾರೆ, ಆದರೆ ಏನನ್ನು ಬಿಡಬಾರದು ಎಂದು ಅವರಿಗೆ ಗೊತ್ತಿತ್ತು. ಯಂತ್ರ ಬಿಟ್ಟದ್ದಕ್ಕಿಂತ ತಾನೇ ಸೇರಿಸಿದ್ದು ಹೆಚ್ಚು. ತಕರಾರು ಇರುವುದು ಅಲ್ಲಿ.

ಇಂಥ ಚಿತ್ರ ಮಾಡುವ ಎಐ ಮಾದರಿಗಳು ಫೋಟೊದ ಮೇಲೆ ಕುಂಚ ಆಡಿಸುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ ಥರದವು ಫೋಟೊವನ್ನು ಅಡ್ಡಾದಿಡ್ಡಿ ಚುಕ್ಕೆಗಳ ಗದ್ದಲದಲ್ಲಿ ಸ್ವಲ್ಪ ಮಟ್ಟಿಗೆ ಮುಳುಗಿಸಿ, ಆಮೇಲೆ ಆ ಗದ್ದಲವನ್ನು ಹಂತಹಂತವಾಗಿ ತೆಗೆಯುತ್ತಾ ಹೊಸದಾಗಿ ಚಿತ್ರ ಬಿಡಿಸುತ್ತವೆ. ಎಷ್ಟು ಮುಳುಗಿಸಬೇಕೆಂದು ಹೇಳುವ ಗುಂಡಿಗೆ ಪರದೆಯ ಮೇಲೆ denoising strength ಎಂದು ಹೆಸರು. ಒಟ್ಟು 30 ಹಂತ ಇಟ್ಟು ಇದನ್ನು 0.7ಕ್ಕೆ ತಿರುಗಿಸಿದರೆ 21 ಹಂತ ಯಂತ್ರದ ಕೈಯಲ್ಲಿ, 0.4 ಇಟ್ಟರೆ 12 ಹಂತ. ಮುಳುಗಿದ ಜಾಗದಲ್ಲಿ ಏನಿತ್ತು ಎಂಬುದನ್ನು ಅದು ನೆನಪಿನಿಂದ ತುಂಬುತ್ತದೆ. ಆ ನೆನಪಿನಲ್ಲಿ ಅವ್ವನಂಥವರು ಇಲ್ಲ.

ಯಾಕಿಲ್ಲ ಎನ್ನುವುದಕ್ಕೆ ಎರಡು ಕಾರಣ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು ಪದಕ್ಕೆ ಅಂಟಿದ ಚಿತ್ರ. ಇಂಥ ಮಾದರಿಗಳು ಅಂತರ್ಜಾಲದ ಚಿತ್ರಗಳನ್ನೂ ಅವುಗಳ ಜೊತೆಗಿದ್ದ, ಹೆಚ್ಚಾಗಿ ಇಂಗ್ಲಿಷಿನ, ಬರಹವನ್ನೂ ಜೋಡಿಸಿ ಕಲಿತವು. ಸೀರೆ ಎಂಬ ಮಾತಿನ ಜೊತೆ ಅಲ್ಲಿ ಹೆಚ್ಚಾಗಿ ಸಿಗುವುದು ಅಂಗಡಿಗಳ ಜಾಹೀರಾತು: ತೆಳ್ಳನೆಯ, ಬಿಳಿ ಮೈಯ ರೂಪದರ್ಶಿ, ಮದುವೆ ಅಲಂಕಾರ, ಹೆಗಲ ಮೇಲೆ ಪಿನ್ನು ಹಾಕಿ ನೇರ ಇಳಿಬಿಟ್ಟ ಸೆರಗು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಯಾವ ಅಂಗಡಿಯೂ ಮಾರುವುದಿಲ್ಲ. ನೆರಿಗೆಯನ್ನು ಹಿಂದಕ್ಕೆ ಹಾಕಿ ಸೆರಗನ್ನು ಬಲ ಹೆಗಲ ಮೇಲೆ ಬಿಗಿಯುವ ಕೊಡಗಿನ ಉಡುಗೆಯ ಪಾಡಂತೂ ಇನ್ನೂ ಕಷ್ಟ. ತುರುಬು ಎಂದರೆ ಮಾದರಿಗೆ ತಿಳಿಯದು. ಅದಕ್ಕೆ ಇಂಗ್ಲಿಷಿನಲ್ಲಿ ಬನ್ ಎಂದು ಬರೆದರೆ ನೆತ್ತಿಯ ಮೇಲಿನ ಗಂಟು ಬರುತ್ತದೆ.

ಎರಡನೆಯದು ಶೈಲಿಗೇ ಅಂಟಿದ ಮುಖ. ಜನ ಇದನ್ನು ಅಷ್ಟಾಗಿ ಗಮನಿಸುವುದಿಲ್ಲ, ಆದರೆ ಹಾನಿ ಹೆಚ್ಚು ಆಗುವುದು ಇಲ್ಲೇ. ಒಂದು ಕಾರ್ಟೂನು ಶೈಲಿಯನ್ನು ಕಲಿಸುವಾಗ ತೋರಿಸಿದ ಚಿತ್ರಗಳಲ್ಲೆಲ್ಲ ಪುಟ್ಟ ಮೂಗು, ದೊಡ್ಡ ಕಣ್ಣು, ತಿಳಿ ಮೈಬಣ್ಣವೇ ಇದ್ದರೆ, ಗೆರೆಯ ದಪ್ಪ ಯಾವುದು, ಮೂಗಿನ ಆಕಾರ ಯಾವುದು ಎಂದು ಯಂತ್ರ ಬೇರ್ಪಡಿಸಲಾರದು. ಪುಟ್ಟ ಮೂಗನ್ನೂ ಶೈಲಿಯ ಭಾಗವೆಂದೇ ಕಲಿಯುತ್ತದೆ. ಈ ತೊಡಕು ಡಿಫ್ಯೂಷನ್‌ಗಿಂತ ಹಳೆಯದು. 2020ರಲ್ಲಿ ಹೆಸರಾದ ಟೂನಿಫೈ, ಮುಖ ಬಿಡಿಸಲು ಕಲಿತ ಒಂದು ಮಾದರಿಯನ್ನು ಕಾರ್ಟೂನು ಮುಖಗಳ ಕಡೆಗೆ ಬಾಗಿಸಿ ಮಾಡಿದ್ದು. ಆ ಮೂಲ ಮಾದರಿ ಕಲಿತದ್ದು ಫ್ಲಿಕರ್‌ನಿಂದ ಆಯ್ದ 70,000 ಮುಖಗಳ ಸಂಗ್ರಹದಿಂದ. ಆ ತಾಣದಲ್ಲಿರುವ ಪಕ್ಷಪಾತಗಳೆಲ್ಲ ಸಂಗ್ರಹಕ್ಕೂ ಬಂದಿವೆ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ.

ಇನ್ನೊಂದು ವಿಷಯ ಬರೀ ಲೆಕ್ಕದ್ದು. ಸ್ಟೇಬಲ್ ಡಿಫ್ಯೂಷನ್ ಚಿತ್ರವನ್ನು ಇದ್ದ ಹಾಗೇ ನೋಡುವುದಿಲ್ಲ. ಅಗಲದಲ್ಲೂ ಎತ್ತರದಲ್ಲೂ ಎಂಟರಲ್ಲಿ ಒಂದು ಪಾಲಿಗೆ ಕುಗ್ಗಿಸಿ ನೋಡುತ್ತದೆ. ಅವ್ವನ ಇಡೀ ಫೋಟೊವನ್ನು 512 ಚುಕ್ಕೆ ಅಗಲ, 768 ಚುಕ್ಕೆ ಎತ್ತರಕ್ಕೆ ಇಳಿಸಿದಾಗ ಅವಳ ಮುಖದ ಅಗಲ ಸುಮಾರು 60 ಚುಕ್ಕೆ, ಜರಿ ಅಂಚು 8 ಚುಕ್ಕೆ, ಮೂಗುತಿ 3 ಚುಕ್ಕೆ. ಕುಗ್ಗಿಸಿದ ಮೇಲೆ, ಎಂಟು ಚುಕ್ಕೆಗೆ ಒಂದು ಮನೆಯಂತೆ, ಮುಖ ಏಳೆಂಟು ಮನೆ, ಅಂಚು ಒಂದೇ ಮನೆ, ಮೂಗುತಿ ಅರ್ಧ ಮನೆಯೂ ಇಲ್ಲ. ಒಂದೇ ಮನೆಯ ಅಗಲದ ಅಂಚು ಮಡಿಕೆಗಳ ನಡುವೆ ಓಡಬೇಕಾದಾಗ ತುಂಡಾಗುವ ಸಂಭವ ಹೆಚ್ಚು. ಅಂಚು ತುಂಡಾದರೆ ಸೀರೆ ಒಂದೇ ಉದ್ದನೆಯ ಬಟ್ಟೆ ಎಂಬುದಕ್ಕೆ ಚಿತ್ರದಲ್ಲಿ ಸಾಕ್ಷಿಯೇ ಉಳಿಯುವುದಿಲ್ಲ.

ಅವ್ವನ ಚಿತ್ರವನ್ನು ಮತ್ತೆ ಮಾಡಲು ನಾನೂ ಅಕ್ಕನ ಮಗನೂ ಅವನ ಕಂಪ್ಯೂಟರಿನ ಮುಂದೆ ಕೂತೆವು. ಮೊದಲು ಆ denoising strength ಗುಂಡಿಯೊಂದನ್ನೇ ನಂಬಿದೆವು. 0.3ರಲ್ಲಿ ಅವ್ವ ಅವ್ವನಾಗಿಯೇ ಉಳಿದಳು, ಆದರೆ ಚಿತ್ರ ಮಸುಕು ಫೋಟೊದಂತಿತ್ತು. 0.6ರಲ್ಲಿ ಶೈಲಿ ಬಂತು, ಅವ್ವ ಹೋದಳು. ನಡುವೆ ಎಲ್ಲಿ ನಿಲ್ಲಿಸಿದರೂ ಒಂದು ಸಿಕ್ಕರೆ ಇನ್ನೊಂದು ಸಿಗಲಿಲ್ಲ. ಒಂದೇ ಒತ್ತಿಗೆ ಚಿತ್ರ ಕೊಡುವ ಫೋನಿನ ಆ್ಯಪುಗಳಲ್ಲಿ ಈ ಗುಂಡಿಯೂ ಹೆಚ್ಚಾಗಿ ಬಳಸುವವರ ಕೈಗೆ ಸಿಗುವುದಿಲ್ಲ. ನಮ್ಮ ಮನೆಯ ಹಿರಿಯರ ಮುಖವನ್ನು ಅವುಗಳಿಗೆ ಕೊಡುವುದು ಬೇಡವೆಂದೇ ನನ್ನ ಅಭಿಪ್ರಾಯ.

ದಾರಿ ಸಿಕ್ಕಿದ್ದು ಆಕಾರವನ್ನೂ ಶೈಲಿಯನ್ನೂ ಬೇರೆಬೇರೆ ಕೈಗೆ ಕೊಟ್ಟಾಗ. 2023ರ ಫೆಬ್ರವರಿಯಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ಜೋಡಣೆ ಇದಕ್ಕೇ ಇದೆ. ಫೋಟೊದಿಂದ ಬರೀ ಗೆರೆಗಳ ನಕ್ಷೆ ತೆಗೆದು, ಬಣ್ಣ ಶೈಲಿ ಏನೇ ಆಗಲಿ ಈ ಗೆರೆ ಮೀರಬೇಡ ಎಂದು ಅದು ಮಾದರಿಯನ್ನು ಹಿಡಿದಿಡುತ್ತದೆ. ಆದರೆ ನಮ್ಮ ಮೊದಲ ನಕ್ಷೆಯಲ್ಲಿ ಬೈತಲೆಯೂ ಇರಲಿಲ್ಲ, ತುರುಬಿನ ಅಂಚೂ ಇರಲಿಲ್ಲ. ಕಪ್ಪು ಕೂದಲ ಹಿಂದೆ ಕತ್ತಲೆಯ ಬಾಗಿಲು. ಕಪ್ಪು ಕತ್ತಿನ ಪಕ್ಕ ಕಡುಹಸಿರು ರವಿಕೆ. ಬೆಳಕಿನ ವ್ಯತ್ಯಾಸ ಕಡಿಮೆ ಇರುವಲ್ಲಿ ಯಂತ್ರ ಗೆರೆ ಹಿಡಿಯುವುದಿಲ್ಲ, ಹಿಡಿಯದ ಕಡೆ ಮತ್ತೆ ನೆನಪಿನಿಂದ ತುಂಬುತ್ತದೆ. ಕಪ್ಪು ಮೈಯವರ ಚಿತ್ರ ಹೆಚ್ಚು ಕೆಡುವುದಕ್ಕೆ ಇದೂ ಒಂದು ಕಾರಣ. ಫೋಟೊದ ಕತ್ತಲೆ ಭಾಗವನ್ನು ಮಾತ್ರ ಬೆಳಗಿಸಿ, ಗೆರೆ ಹಿಡಿಯುವ ಮಿತಿಯನ್ನು 100 ಮತ್ತು 200ರಿಂದ 50 ಮತ್ತು 100ಕ್ಕೆ ಇಳಿಸಿದೆವು. ಬೈತಲೆ ಬಂತು, ಆದರೆ ನೆರಿಗೆಯಲ್ಲಿ ಗೆರೆಗಳು ವಿಪರೀತವಾಗಿ ಸೀರೆ ಪಟ್ಟೆಪಟ್ಟೆಯಾಯಿತು. ಕೊನೆಗೆ ನೆರಿಗೆಯ ಮೇಲಿನ ಹೆಚ್ಚುವರಿ ಗೆರೆಗಳನ್ನು ಕೈಯಲ್ಲೇ ಅಳಿಸಿ, ಸೀರೆಯ ಅಂಚನ್ನು ಪಾದದಿಂದ ಹೆಗಲವರೆಗೆ, ಅಲ್ಲಿಂದ ಸೊಂಟದವರೆಗೆ ಕೈಯಲ್ಲೇ ತಿದ್ದಿ ಎಳೆದೆವು. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಅರ್ಧ ಗಂಟೆ.

ಮಾತಿನಲ್ಲಿ ಹೇಳುವಾಗ ಉಡುಗೆಯ ಹೆಸರಿನ ಬದಲು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ಬರೆದೆವು:

```
elderly farming woman, dark brown skin, broad nose,
centre parting, oiled hair coiled low at the nape,
cloth over left shoulder, around the back,
tucked at right waist, continuous gold border
```

ಸೀರೆ ಎಂಬ ಪದವನ್ನು ಬೇಕೆಂದೇ ಬಿಟ್ಟೆವು. ಹಾಕಿದಾಗಲೆಲ್ಲ ಹಣೆಗೆ ಮದುಮಗಳ ಬೈತಲೆಬೊಟ್ಟು ಬರುತ್ತಿತ್ತು.

ಮುಖವನ್ನು ಬೇರೆಯಾಗಿ ಕತ್ತರಿಸಿಕೊಂಡು, ಅದು ಸುಮಾರು 400 ಚುಕ್ಕೆ ಅಗಲವಾಗುವಷ್ಟು ದೊಡ್ಡದು ಮಾಡಿ, ಶೈಲಿ ಕೊಟ್ಟು, ಮತ್ತೆ ಕುಗ್ಗಿಸಿ ಜಾಗಕ್ಕೆ ಕೂರಿಸಿದೆವು. ಏಳೆಂಟು ಮನೆಯಲ್ಲಿದ್ದ ಮುಖಕ್ಕೆ ಈಗ ಐವತ್ತು ಮನೆ ಸಿಕ್ಕವು. ಅಂಚಿಗೂ ಹಾಗೇ ಮಾಡಿದೆವು. ಕೊನೆಯಲ್ಲಿ ಕೆನ್ನೆಯ ಬಣ್ಣವನ್ನು ಮೂಲ ಫೋಟೊದ ಕೆನ್ನೆಗೆ ಹೋಲಿಸಿ ಸರಿಪಡಿಸಿದೆವು. ಎಷ್ಟು ಬರೆದರೂ ಯಂತ್ರ ಮೈಬಣ್ಣವನ್ನು ಒಂದೆರಡು ಛಾಯೆ ತಿಳಿ ಮಾಡಿಯೇ ಕೊಡುತ್ತಿತ್ತು.

ಇಷ್ಟಾದರೂ ಶೈಲಿಗೆ ಅಂಟಿದ ಮುಖದ ಸಮಸ್ಯೆ ಪೂರ್ತಿ ಹೋಗಲಿಲ್ಲ. ಕಣ್ಣು ಇನ್ನೂ ಅಗಲವಾಗಿಯೇ ಇದ್ದವು. ಅದಕ್ಕೆ ಬುಡದಲ್ಲೇ ಮದ್ದು ಬೇಕು. ಚನ್ನಪಟ್ಟಣದಲ್ಲಿ ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಗೆಳೆಯನೊಬ್ಬನಿದ್ದಾನೆ. ಅವನಿಗೆ ದುಡ್ಡು ಕೊಟ್ಟು, ಯಾತಕ್ಕೆಂದು ಹೇಳಿ ಒಪ್ಪಿಸಿ, ಅವನದೇ ಕೈಯ ಶೈಲಿಯಲ್ಲಿ 24 ಚಿತ್ರ ಬರೆಸಿದೆವು: ಪಂಚೆ ಟವೆಲಿನ ಮುದುಕರು, ಎರಡು ಜಡೆ ಮಡಿಸಿ ರಿಬ್ಬನ್ ಕಟ್ಟಿದ ಹುಡುಗಿಯರು, ಸೆರಗು ಸಿಕ್ಕಿಸಿ ಕಳೆ ಕೀಳುವ ಹೆಂಗಸರು. ಇವುಗಳಿಂದ ಲೋರಾ ಎಂಬ ಸಣ್ಣ ಪೂರಕ ಮಾದರಿಯನ್ನು ಕಲಿಸಿದೆವು. ಅದಕ್ಕೊಂದು ಗುಟ್ಟಿದೆ. ಚಿತ್ರದ ಜೊತೆಗಿನ ವಿವರಣೆಯಲ್ಲಿ ಏನನ್ನು ಬರೆಯುತ್ತೀರೋ ಅದನ್ನು ಯಂತ್ರ ಬದಲಾಗಬಲ್ಲ ವಸ್ತು ಎಂದು ಕಲಿಯುತ್ತದೆ. ಬರೆಯದೆ ಬಿಟ್ಟದ್ದನ್ನು ಶೈಲಿ ಎಂದು ನುಂಗುತ್ತದೆ. ಹಾಗಾಗಿ ಮೂಗು, ಮೈಬಣ್ಣ, ವಯಸ್ಸು, ಕೂದಲು, ಉಡುಗೆ ಎಲ್ಲವನ್ನೂ ಬರೆದು, ಗೆರೆ ಮತ್ತು ಬಣ್ಣ ಹಚ್ಚಿದ ರೀತಿಯನ್ನು ಮಾತ್ರ ಬರೆಯದೆ ಬಿಟ್ಟೆವು. ಈ ಸಲ ಬಂದ ಕಣ್ಣು ಅವ್ವನವು.

ಎಲ್ಲವೂ ಗೆಲ್ಲಲಿಲ್ಲ. ಇದೇ ವಿಧಾನವನ್ನು ಪೂಜಾ ಕುಣಿತದ ಒಂದು ಫೋಟೊಗೆ ಹಚ್ಚಿದೆವು. ಬಿದಿರಿನ ಚೌಕಟ್ಟಿಗೆ ಸೀರೆಗಳನ್ನು ನೆರಿಗೆ ಹಿಡಿದು ಕಟ್ಟಿ, ನಡುವೆ ದೇವಿಯ ಮುಖವಿಟ್ಟು, ತಲೆಯ ಮೇಲೆ ಹೊತ್ತು ಕುಣಿಯುವ ಆ ಪೂಜೆಯನ್ನು ಯಂತ್ರ ಒಮ್ಮೆ ಕೊಡೆ ಮಾಡಿತು, ಒಮ್ಮೆ ಪಲ್ಲಕ್ಕಿ ಮಾಡಿತು, ಒಮ್ಮೆ ಹೊತ್ತವನ ಕಿರೀಟ ಮಾಡಿತು. ಗೆರೆ ಎಷ್ಟೇ ಬಿಗಿ ಮಾಡಿದರೂ ಅದು ಏನೆಂದು ಗೊತ್ತಿಲ್ಲದ ಮಾದರಿ ಗೆರೆಯೊಳಗೆ ಸುಳ್ಳನ್ನೇ ತುಂಬುತ್ತದೆ. ಅಂಥದ್ದನ್ನು ಚಿತ್ರಕಾರರಿಂದಲೇ ಬರೆಸಬೇಕು.

ಮದುವೆ ಕಾರ್ಡು, ಫ್ಲೆಕ್ಸು ಮಾಡುವ ಸ್ಟುಡಿಯೋದವರಲ್ಲಿ ನನ್ನದೊಂದು ಬೇಡಿಕೆ. ಅಚ್ಚಿಗೆ ಕೊಡುವ ಮೊದಲು ಮೂಲ ಫೋಟೊವನ್ನು ಪಕ್ಕದಲ್ಲಿಟ್ಟುಕೊಂಡು ಸೀರೆಯ ಅಂಚಿನ ಮೇಲೆ ಬೆರಳಿಡಿ. ಮೈಯ ಹಿಂದೆ ಮರೆಯಾಗುವ ಜಾಗ ಬಿಟ್ಟರೆ, ಪಾದದಿಂದ ಸೆರಗಿನ ತುದಿಯವರೆಗೆ ಬೆರಳು ಎತ್ತದೆ ಹೋಗಲು ಆಗಬೇಕು. ಎಲ್ಲಿ ದಾರಿ ತಪ್ಪುತ್ತದೋ ಅಲ್ಲಿ ಯಂತ್ರ ಬಟ್ಟೆಯನ್ನು ತಾನೇ ಕಲ್ಪಿಸಿಕೊಂಡಿದೆ. ಆ ಜಾಗವನ್ನು ದೊಡ್ಡದು ಮಾಡಿ ಮತ್ತೆ ಮಾಡಿಸಿ. ಆಮೇಲೆ ಮೂಗು, ಮೈಬಣ್ಣ, ಬೈತಲೆ ನೋಡಿ. ನೋಡುವುದು ಎರಡು ನಿಮಿಷದ ಕೆಲಸ.

ಅವ್ವನ ಹೊಸ ಚಿತ್ರ ಈಗ ನಡುಮನೆಯ ಗೋಡೆಯ ಮೇಲಿದೆ. ಮುಖವನ್ನು ದೊಡ್ಡದು ಮಾಡಿದರೂ ಯಂತ್ರ ಮೂಗುತಿಯನ್ನು ಬರೀ ಹೊಳಪೆಂದು ತಿಳಿದು ಒರೆಸುತ್ತಲೇ ಇತ್ತು. ಅಚ್ಚಾದ ಹಾಳೆಯ ಮೇಲೆ ಆ ಕೆಂಪು ಕಲ್ಲನ್ನು ಬೋರ್ಡು ಬರೆಯುತ್ತಿದ್ದ ಗೆಳೆಯನೇ ಸಣ್ಣ ಕುಂಚದಲ್ಲಿ ಬರೆದುಕೊಟ್ಟ.