ಮೇಲಿನಿಂದ ಇಳಿದು ಹುಡುಕುವ ಜಾಲ

ಹತ್ತು ಲಕ್ಷ ಚಿತ್ರಗಳಲ್ಲಿ ಒಂದನ್ನು ಅತಿ ಹೆಚ್ಚು ಹೋಲುವ ಹತ್ತನ್ನು ಹುಡುಕಬೇಕೆನ್ನಿ. ಕಂಪ್ಯೂಟರಿಗೆ ಪ್ರತಿ ಚಿತ್ರವೂ ನೂರಾರು ಸಂಖ್ಯೆಗಳ ಒಂದು ವೆಕ್ಟರ್. ಎಲ್ಲದರ ಜೊತೆಗೂ ದೂರ ಅಳೆದರೆ ಉತ್ತರ ಖಚಿತ, ಆದರೆ ಪ್ರತಿ ಪ್ರಶ್ನೆಗೂ ಹತ್ತು ಲಕ್ಷ ಅಳತೆ. 2016ರಲ್ಲಿ ಯೂರಿ ಮಾಲ್ಕೊವ್ ಮತ್ತು ದ್ಮಿತ್ರಿ ಯಶುನಿನ್ ಮುಂದಿಟ್ಟ HNSW ಇದನ್ನು ಬಿಡಿಸುವ ಬಗೆ ನನಗೆ ಅಚ್ಚುಮೆಚ್ಚು.

ಅದು ಪ್ರತಿ ವೆಕ್ಟರಿಗೂ ನೆರೆಯ ಕೆಲವೇ ವೆಕ್ಟರುಗಳ ಕೊಂಡಿ ಹಾಕುತ್ತದೆ. ಎಷ್ಟು ಕೊಂಡಿಗಳೆಂಬುದನ್ನು ನಿರ್ಧರಿಸುವುದು `M`. ಜಾಲ ಪದರಪದರವಾಗಿರುತ್ತದೆ, ಪ್ರತಿ ಪದರದಲ್ಲೂ ಅದರ ಕೆಳಗಿನದರ ಸುಮಾರು 1/`M` ಪಾಲು ಮಾತ್ರ. `M` 16 ಇದ್ದರೆ, ತಳದ ಪದರದಲ್ಲಿ ಎಲ್ಲ ಹತ್ತು ಲಕ್ಷ, ಅದರ ಮೇಲೆ ಸುಮಾರು 62,500, ಇನ್ನೂ ಮೇಲೆ ಸುಮಾರು 3,900. ಹೀಗೆ ಪದರಗಳು ತೆಳುವಾಗುತ್ತವೆ. ಹುಡುಕಾಟ ತುದಿಯಲ್ಲಿ ಶುರುವಾಗಿ, ಗುರಿಗೆ ಹತ್ತಿರದ ನೆರೆಗೆ ಹಾರುತ್ತಾ, ಇನ್ನು ಹತ್ತಿರದ್ದು ಸಿಗದಾದಾಗ ಒಂದು ಪದರ ಇಳಿಯುತ್ತದೆ. ಮೇಲೆ ಉದ್ದನೆಯ ಜಿಗಿತ, ಕೆಳಗೆ ಸಣ್ಣ ಹೆಜ್ಜೆ.

ತಳದಲ್ಲಿ ಒಂದೇ ದಾರಿ ಹಿಡಿದರೆ ಸುಳ್ಳು ಗುರಿಯಲ್ಲಿ ಸಿಕ್ಕಿಬೀಳುವ ಭಯವಿದೆ. ಅದಕ್ಕೇ `ef`: ಇದುವರೆಗೆ ಕಂಡ ಅತ್ಯುತ್ತಮ ಎಷ್ಟು ವೆಕ್ಟರುಗಳನ್ನು ಕೈಯಲ್ಲಿಟ್ಟುಕೊಳ್ಳಬೇಕೆಂಬ ಸಂಖ್ಯೆ. ಅದನ್ನು 20ರಿಂದ 200ಕ್ಕೆ ಏರಿಸಿದರೆ ಅಳತೆಗಳು ಹೆಚ್ಚಿ ವೇಗ ತಗ್ಗುತ್ತದೆ, ತಪ್ಪಿಹೋಗುತ್ತಿದ್ದ ನೆರೆಗಳು ಸಿಗುತ್ತವೆ. ಜಾಲವನ್ನು ಮತ್ತೆ ಕಟ್ಟಬೇಕಿಲ್ಲ.

ನಿಖರತೆ ತಿಳಿಯಲು ಕೆಲವು ಪ್ರಶ್ನೆಗಳಿಗೆ ಪೂರ್ತಿ ಅಳತೆ ಮಾಡಿ ಹೋಲಿಸಬೇಕು. ನಿಜವಾದ ಹತ್ತರಲ್ಲಿ ಒಂಬತ್ತು ಸಿಕ್ಕರೆ ರೀಕಾಲ್ 0.9. `ef` ಏರಿಸುತ್ತಾ ಹೋದರೂ ಅದು ಮೇಲೇರದಿದ್ದರೆ ಕೊರತೆ ಸಾಮಾನ್ಯವಾಗಿ ಜಾಲದಲ್ಲೇ ಇರುತ್ತದೆ. ಆಗ ಹೆಚ್ಚಿನ `M` ಇಟ್ಟು ಮತ್ತೆ ಕಟ್ಟಬೇಕು, ಅದಕ್ಕೆ ಮೆಮೊರಿಯ ಬೆಲೆ ತೆರಬೇಕು.